ಸಂಬಳದ ಜೊತೆಗೆ ಪಾಠ, ಡ್ರಾಯಿಂಗ್ ಕೆಲಸ: ಕಂಪನಿ ನಿಯಮ ಒಪ್ಪುತ್ತದೆಯೇ ಎಂದು ತೀರ್ಮಾನಿಸುವ ಕ್ರಮ

ಗಿಣಿಗೇರಾ, ತೋರಣಗಲ್ಲು, ಶಕ್ತಿನಗರದ ಕಡೆ ದುಡಿಯುವವರು ಈ ವಿಷಯದಲ್ಲಿ ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಸಂಜೆ ಪಾಠ ಹೇಳಲು ಕರೆ ಬರುತ್ತದೆ. ಮೇಲಿನ ಸಾಹೇಬರನ್ನು ಬಾಯಿಮಾತಿನಲ್ಲಿ ಕೇಳುತ್ತಾರೆ. "ಏನೂ ಆಗಂಗಿಲ್ಲ, ಮಾಡ್ರಿ" ಎಂಬ ಉತ್ತರ ಸಿಗುತ್ತದೆ, ಶುರು ಮಾಡುತ್ತಾರೆ. ವರ್ಷದ ನಂತರ ಆ ಸಾಹೇಬರಿಗೆ ವರ್ಗವಾಗುತ್ತದೆ, ನೌಕರನ ಕೈಗೆ ನೋಟಿಸ್ ಬರುತ್ತದೆ. ಇಲ್ಲಿ ಆದ ತಪ್ಪು ಕೇಳಿದ್ದರಲ್ಲಿಲ್ಲ, ಓದುವುದಕ್ಕೆ ಮೊದಲೇ ಕೇಳಿದ್ದರಲ್ಲಿದೆ. ಹಾಗಾಗಿ ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ.

ಮಾರ್ಗದರ್ಶಿ ಮುಖ್ಯವಾಗಿ ಖಾಸಗಿ ಕಾರ್ಖಾನೆ ಮತ್ತು ಕಂಪನಿ ನೌಕರರಿಗೆ. ಸರ್ಕಾರಿ ನೌಕರರು ಮತ್ತು ಶಿಕ್ಷಕರ ದಾರಿ ಎರಡನೇ ಹಂತದಲ್ಲೇ ಬೇರೆಯಾಗುತ್ತದೆ.

## ಬೇಕಾಗುವ ಸಾಮಗ್ರಿ

ನೇಮಕಾತಿ ಪತ್ರ, ಸೇರುವಾಗ ಸಹಿ ಹಾಕಿದ ಉಳಿದ ಎಲ್ಲ ಕಾಗದ, ಕಂಪನಿಯ ಎಚ್.ಆರ್. ಪಾಲಿಸಿಯ ಈಗ ಚಾಲ್ತಿಯಲ್ಲಿರುವ ಪ್ರತಿ, ನಿಮ್ಮ ಪಾಳಿ ಪಟ್ಟಿ, ಒಂದು ಪೆನ್ನು, ಒಂದು ಹಾಳೆ. ಒಂದು ಸಂಜೆ ಬಿಡುವಾಗಿಟ್ಟುಕೊಳ್ಳಿ.

## ಹಂತ 1: ಬರಲಿರುವ ಕೆಲಸವನ್ನು ಐದು ಸಾಲಿನಲ್ಲಿ ಬರೆಯಿರಿ

"ಸೈಡ್ ಕೆಲಸ ಮಾಡಬಹುದೇ" ಎಂಬ ಪ್ರಶ್ನೆಗೆ ಯಾವ ಪಾಲಿಸಿಯೂ ಉತ್ತರ ಕೊಡುವುದಿಲ್ಲ. "ಈ ಕೆಲಸ ಮಾಡಬಹುದೇ" ಎಂದರೆ ಕೊಡುತ್ತದೆ. ಆದ್ದರಿಂದ ಮೊದಲು ಬರೆಯಬೇಕಾದದ್ದು: ದುಡ್ಡು ಕೊಡುವವರು ಯಾರು; ನೀವು ಮಾಡುವುದು ನಿಖರವಾಗಿ ಏನು; ಯಾವ ದಿನ, ಯಾವ ಹೊತ್ತು; ಯಾರ ಲ್ಯಾಪ್‌ಟಾಪ್, ಯಾರ ಸಾಫ್ಟ್‌ವೇರ್; ಆ ಕೆಲಸದಿಂದ ಕೊನೆಗೆ ಲಾಭ ಪಡೆಯುವವರು ಯಾರು.

ಐದನೆಯದನ್ನು ಜನ ಬಿಟ್ಟುಬಿಡುತ್ತಾರೆ, ನಿರ್ಧಾರವಾಗುವುದು ಮಾತ್ರ ಬಹಳ ಸಲ ಅದರಿಂದಲೇ. ದುಡ್ಡು ಕೊಡುವವನು ಪರಿಚಯದ ಕಂಟ್ರಾಕ್ಟರ್ ಇರಬಹುದು. ಆದರೆ ಡ್ರಾಯಿಂಗ್ ಹೋಗಿ ಸೇರುವುದು ನಿಮ್ಮದೇ ಕಾರ್ಖಾನೆಯ ಟೆಂಡರಿಗೆ ಎಂದಾದರೆ ಲೆಕ್ಕವೇ ಬೇರೆ.

ಈ ಹಂತದಲ್ಲಿ ಅಡ್ವಾನ್ಸ್ ತೆಗೆದುಕೊಳ್ಳಬೇಡಿ, ಕೋಚಿಂಗ್ ಸೆಂಟರಿನ ಪಾಂಪ್ಲೆಟ್‌ನಲ್ಲಿ ಹೆಸರು ಹಾಕಿಸಬೇಡಿ. ಪಾಂಪ್ಲೆಟ್‌ನಲ್ಲಿ ಕಂಪನಿಯ ಹೆಸರಿನ ಜೊತೆ "ಸೀನಿಯರ್ ಎಂಜಿನಿಯರ್" ಎಂದು ಅಚ್ಚಾದರೆ, ಅನುಮತಿ ಕೇಳುವ ಮೊದಲೇ ಒಂದು ಉಲ್ಲಂಘನೆ ಆದಂತೆ.

## ಹಂತ 2: ನಿಮ್ಮ ಮಾಲೀಕರು ಯಾರು ಎಂದು ಖಚಿತ ಮಾಡಿಕೊಳ್ಳಿ

ಸರ್ಕಾರಿ ನೌಕರರಾದರೆ ಕಂಪನಿ ಪಾಲಿಸಿಯ ಪ್ರಶ್ನೆಯೇ ಇಲ್ಲ. ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021 ಅನ್ವಯಿಸುತ್ತವೆ. ವ್ಯಾಪಾರಕ್ಕೂ ಬೇರೆ ಉದ್ಯೋಗಕ್ಕೂ ಮೊದಲೇ ಮಂಜೂರಾತಿ ಬೇಕು, ಅರ್ಜಿ ಇಲಾಖೆಯ ಮೂಲಕವೇ ಹೋಗಬೇಕು. ಕಚೇರಿ ಮುಖ್ಯಸ್ಥರು ತಲೆಯಾಡಿಸಿದರೆ ಮಂಜೂರಾತಿ ಆಗುವುದಿಲ್ಲ.

ಶಾಲಾ ಶಿಕ್ಷಕರಿಗೆ ಇನ್ನೂ ಬಿಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವುದನ್ನು ನೇರವಾಗಿ ನಿಷೇಧಿಸಿದೆ. ಇದು ಸರ್ಕಾರಿ ಶಾಲೆಗೆ ಮಾತ್ರ ಎಂದು ಖಾಸಗಿ ಶಾಲೆಯವರು ನಂಬಿಕೊಂಡಿರುತ್ತಾರೆ. ಕಲಂ "ಯಾವ ಶಿಕ್ಷಕನೂ" ಎನ್ನುತ್ತದೆ, ಸರ್ಕಾರಿ–ಖಾಸಗಿ ಎಂಬ ಭೇದ ಮಾಡಿಲ್ಲ. ಒಂದರಿಂದ ಎಂಟನೇ ತರಗತಿಗೆ ಪಾಠ ಮಾಡುವವರು ಆಡಳಿತ ಮಂಡಳಿಯ ಪತ್ರ ತಂದರೂ ಈ ಕಾಯ್ದೆಯನ್ನು ದಾಟಲಾಗದು. ಇವರು ಮುಂದಿನ ಹಂತಗಳಿಗೆ ಹೋಗುವ ಅಗತ್ಯವಿಲ್ಲ.

ಕಾರ್ಖಾನೆಯಲ್ಲಿ ದುಡಿಯುವ ಎಲ್ಲರೂ ಆ ಕಾರ್ಖಾನೆಯ ನೌಕರರಲ್ಲ. ಸಂಬಳದ ಚೀಟಿಯ ಮೇಲೆ, ಪಿ.ಎಫ್. ಖಾತೆಯಲ್ಲಿ ಯಾರ ಹೆಸರಿದೆ ನೋಡಿ. ಲೇಬರ್ ಕಂಟ್ರಾಕ್ಟರ್ ಹೆಸರಿದ್ದರೆ ಅನುಮತಿ ಕೊಡಬೇಕಾದವರು ಅವರೇ. ಆದರೂ ಗೇಟ್ ಪಾಸ್ ಮಾಡಿಸುವಾಗ ಕಾರ್ಖಾನೆಗೆ ಸಹಿ ಮಾಡಿಕೊಟ್ಟ ಗೌಪ್ಯತಾ ಕಾಗದ ನಿಮ್ಮನ್ನು ಕಟ್ಟಿಹಾಕುತ್ತದೆ. ಹಾಗಾಗಿ ಎರಡೂ ಕಡೆಯ ಕಾಗದ ಓದಬೇಕು.

ಒಂದು ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಅದೇ ದಿನ ಇನ್ನೊಂದು ಕಾರ್ಖಾನೆಗೆ ಹೋಗುವ ವಿಚಾರವಿದ್ದರೆ ಇಲ್ಲೇ ಕೈಬಿಡಿ. 1948ರ ಕಾರ್ಖಾನೆ ಕಾಯ್ದೆಯ 60ನೇ ಕಲಂ ಇದನ್ನು ತಡೆದಿತ್ತು. ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಕಾರ್ಖಾನೆ ಮತ್ತು ಗಣಿಗಳಲ್ಲಿ ಜೋಡಿ ಉದ್ಯೋಗಕ್ಕೆ ನಿರ್ಬಂಧ ಇಟ್ಟಿದೆ. ಪಾಠ ಹೇಳುವುದು, ಮನೆಯಲ್ಲಿ ಕೂತು ಡ್ರಾಯಿಂಗ್ ಮಾಡುವುದು ಈ ಕಲಮಿಗೆ ಬರುವುದಿಲ್ಲ. ಅವುಗಳ ತೀರ್ಮಾನ ಕರಾರಿನಲ್ಲಿದೆ.

## ಹಂತ 3: ಷರತ್ತು ಅಡಗಿರುವ ಕಾಗದಗಳನ್ನು ಹುಡುಕಿ

ಆಫರ್ ಲೆಟರ್ ಓದಿ "ಇದರಲ್ಲಿ ಏನೂ ಇಲ್ಲ" ಎಂದು ನಿಲ್ಲಿಸುವುದು ಎರಡನೇ ದೊಡ್ಡ ತಪ್ಪು. ಆಫರ್ ಲೆಟರ್‌ನಲ್ಲಿ ಇರುವುದು ಸಂಬಳ ಮತ್ತು ಸೇರುವ ದಿನಾಂಕ. ಹೊರಗಿನ ಕೆಲಸದ ಷರತ್ತು ಸಾಮಾನ್ಯವಾಗಿ ನೇಮಕಾತಿ ಪತ್ರದ ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಅಲ್ಲಿಲ್ಲದಿದ್ದರೆ ನಡವಳಿಕೆ ಸಂಹಿತೆಯಲ್ಲಿ, ಗೌಪ್ಯತಾ ಒಪ್ಪಂದದಲ್ಲಿ, ಇಲ್ಲವೇ ಪ್ರತಿ ವರ್ಷ ತುಂಬಿಸಿಕೊಳ್ಳುವ ಹಿತಾಸಕ್ತಿ ಘೋಷಣೆಯಲ್ಲಿ ಇರುತ್ತದೆ. ಕಾರ್ಮಿಕ ವರ್ಗದಲ್ಲಿರುವವರು ಸ್ಥಾಯಿ ಆದೇಶಗಳನ್ನೂ ನೋಡಬೇಕು. ಅವನ್ನು ಗೇಟಿನ ಹತ್ತಿರ ಅಥವಾ ಟೈಮ್ ಆಫೀಸಿನ ಬಳಿ ಹಾಕಿರುತ್ತಾರೆ.

ನೇಮಕಾತಿ ಪತ್ರದಲ್ಲಿ "ಕಾಲಕಾಲಕ್ಕೆ ಬದಲಾಗುವ ಕಂಪನಿಯ ನಿಯಮಗಳಿಗೆ ಬದ್ಧನಾಗಿರುತ್ತೇನೆ" ಎಂಬ ಅರ್ಥದ ಸಾಲು ಇದೆಯೇ ನೋಡಿ. ಇದ್ದರೆ ನೀವು ಸೇರಿದ ವರ್ಷದ ಕೈಪಿಡಿ ಸಾಲದು. ಇಂದು ಇಂಟ್ರಾನೆಟ್‌ನಲ್ಲಿರುವ ಪ್ರತಿ ಬೇಕು, ಅದರ ಆವೃತ್ತಿಯ ದಿನಾಂಕ ಬರೆದಿಟ್ಟುಕೊಳ್ಳಬೇಕು.

ಪಿ.ಡಿ.ಎಫ್. ಆಗಿದ್ದರೆ Ctrl+F ಒತ್ತಿ ಈ ಪದಗಳನ್ನು ಒಂದೊಂದಾಗಿ ಹುಡುಕಿ:

```
whole time
exclusive
other employment
outside
gainful
conflict of interest
prior written
```

ಒಂದು ಪದವೂ ಸಿಗದಿದ್ದರೆ ಖುಷಿಪಡುವ ಮುನ್ನ "the" ಎಂದು ಹುಡುಕಿ ನೋಡಿ. ಅದೂ ಸಿಗದಿದ್ದರೆ ನಿಮ್ಮ ಕೈಯಲ್ಲಿರುವುದು ಸ್ಕ್ಯಾನ್ ಮಾಡಿದ ಚಿತ್ರ, ಹುಡುಕಾಟ ಅದರೊಳಗೆ ಹೋಗಿಯೇ ಇಲ್ಲ. ಪುಟ ಪುಟ ಕಣ್ಣಿನಿಂದ ಓದಬೇಕು.

## ಹಂತ 4: ಷರತ್ತು ಯಾವ ಜಾತಿಯದು ಎಂದು ಗುರುತಿಸಿ

ಷರತ್ತುಗಳು ನಾಲ್ಕು ಬಗೆ. ಮೊದಲನೆಯದು ಪೂರ್ತಿ ನಿಷೇಧ. ಎರಡನೆಯದು ಮೊದಲೇ ಲಿಖಿತ ಒಪ್ಪಿಗೆ ಕೇಳುವಂಥದ್ದು. ಮೂರನೆಯದು ಕಂಪನಿಯ ಹಿತಕ್ಕೆ ಧಕ್ಕೆ ಬಂದರೆ ಮಾತ್ರ ತಡೆಯುವಂಥದ್ದು. ನಾಲ್ಕನೆಯದು ಮೌನ. ಎರಡನೆಯ ಬಗೆಯೇ ಹೆಚ್ಚು ಕಾಣುತ್ತದೆ. ಅದು ಹೀಗೆ ಓದಿಸಿಕೊಳ್ಳುತ್ತದೆ:

"ನೌಕರನು ತನ್ನ ಪೂರ್ಣ ಸಮಯವನ್ನು ಕಂಪನಿಯ ಕೆಲಸಕ್ಕೆ ಮೀಸಲಿಡಬೇಕು, ಪೂರ್ವಲಿಖಿತ ಒಪ್ಪಿಗೆ ಇಲ್ಲದೆ, ನೇರವಾಗಿ ಆಗಲಿ ಪರೋಕ್ಷವಾಗಿ ಆಗಲಿ, ಪ್ರತಿಫಲಕ್ಕೆ ಆಗಲಿ ಪ್ರತಿಫಲವಿಲ್ಲದೆ ಆಗಲಿ, ಬೇರೆ ಯಾವುದೇ ಉದ್ಯೋಗ, ವ್ಯಾಪಾರ ಅಥವಾ ವೃತ್ತಿಯಲ್ಲಿ ತೊಡಗಬಾರದು."

ಇದರಲ್ಲಿ ಮೂರು ತುಣುಕುಗಳನ್ನು ನಿಧಾನವಾಗಿ ಓದಿ. "ಪೂರ್ಣ ಸಮಯ" ಎಂದರೆ ಎಂಟು ಗಂಟೆಯ ಪಾಳಿ ಎಂದು ಓದಿಕೊಂಡು "ಡ್ಯೂಟಿ ಮುಗಿದ ಮೇಲೆ ನನ್ನ ಟೈಮ್ ನನ್ನದು" ಎನ್ನುವವರಿದ್ದಾರೆ. ಉಳಿದ ವಾಕ್ಯ ಅದಕ್ಕೆ ಜಾಗ ಕೊಡುವುದಿಲ್ಲ, ರಜೆ ದಿನವೂ ಅದರೊಳಗೇ ಬರುತ್ತದೆ. "ಪರೋಕ್ಷವಾಗಿ" ಎಂಬ ಪದ ಇರುವುದು ಹೆಂಡತಿಯ ಹೆಸರಿನಲ್ಲಿ ಬಿಲ್ ಮಾಡುವ ಜಾಣತನವನ್ನು ತಡೆಯಲು. ಹೆಂಡತಿ ತಾವೇ ಸೆಂಟರ್ ನಡೆಸಿದರೆ ಅದು ಅವರ ದುಡಿಮೆ. ಪಾಠ ನೀವು ಹೇಳಿ ರಸೀದಿಯಲ್ಲಿ ಮಾತ್ರ ಅವರ ಹೆಸರಿದ್ದರೆ ಅದು ನಿಮ್ಮ ದುಡಿಮೆ. "ಪ್ರತಿಫಲವಿಲ್ಲದೆ" ಎಂದಿದ್ದರೆ ಪುಕ್ಕಟೆ ಪಾಠಕ್ಕೂ ಒಪ್ಪಿಗೆ ಬೇಕು; ಆ ಪದ ಇಲ್ಲದಿದ್ದರೆ, "ಲಾಭದಾಯಕ ಉದ್ಯೋಗ" ಎಂದಷ್ಟೇ ಇದ್ದರೆ, ಸೇವೆಗೆಂದು ಹೇಳುವ ಪಾಠ ಹೊರಗುಳಿಯುತ್ತದೆ.

ಮೌನದ ಬಗ್ಗೆ ಒಂದು ಮಾತು. ಷರತ್ತು ಎಲ್ಲೂ ಇಲ್ಲದಿದ್ದರೆ ಹೊರಗಿನ ಕೆಲಸಕ್ಕೆ ಜಾಗವಿದೆ, ನಿಜ. ಆದರೆ ಕಂಪನಿಯ ಪ್ರತಿಸ್ಪರ್ಧಿಗೆ ದುಡಿಯಲು, ಕಂಪನಿಯ ಗುಟ್ಟು ಬಳಸಲು ಮೌನ ಪರವಾನಗಿ ಅಲ್ಲ. ಆ ಎರಡು ಬೇಲಿ ಬರೆಯದಿದ್ದರೂ ಇರುತ್ತವೆ.

ವಾಟ್ಸ್‌ಆ್ಯಪ್ ವಕೀಲರು ಹೇಳುವ ಇನ್ನೊಂದು ಮಾತಿದೆ: ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಇಂಥ ಷರತ್ತು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು. ಅರ್ಧ ಸತ್ಯ. ಕೆಲಸ ಬಿಟ್ಟ ಮೇಲೂ ಬೇರೆ ಕಡೆ ದುಡಿಯಬಾರದು ಎನ್ನುವ ಷರತ್ತಿಗೆ ಆ ಕಲಂ ಅಡ್ಡ ಬರುತ್ತದೆ. ಕೆಲಸದಲ್ಲಿ ಇರುವಷ್ಟು ಕಾಲ ಬೇರೆ ಕಡೆ ದುಡಿಯಬಾರದು ಎನ್ನುವ ಷರತ್ತು ಸಾಮಾನ್ಯವಾಗಿ ಊರ್ಜಿತ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ, ನಿರಂಜನ್ ಶಂಕರ್ ಗೋಲಿಕರಿ ಪ್ರಕರಣದಲ್ಲಿ ಹೇಳಿದೆ.

## ಹಂತ 5: ಒಂದೇ ಷರತ್ತು, ಎರಡು ಕೆಲಸ, ಎರಡು ಉತ್ತರ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಗಿಣಿಗೇರಾ ಬಳಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ನಿರ್ವಹಣೆಯ ಎಂಜಿನಿಯರ್. ಪಾಳಿ ವಾರಕ್ಕೊಮ್ಮೆ ತಿರುಗುತ್ತದೆ: ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ 10, ರಾತ್ರಿ 10ರಿಂದ 6. ನೇಮಕಾತಿ ಪತ್ರದಲ್ಲಿರುವುದು ಮೇಲೆ ಬರೆದ ಷರತ್ತೇ. ಕೈಗೆ ಎರಡು ಕೆಲಸ ಬಂದಿವೆ. ಕೊಪ್ಪಳದ ಕೋಚಿಂಗ್ ಸೆಂಟರಿನಲ್ಲಿ ಡಿಪ್ಲೊಮಾ ಹುಡುಗರಿಗೆ ಮಂಗಳವಾರ ಮತ್ತು ಗುರುವಾರ ಸಂಜೆ 6.30ರಿಂದ 8ರವರೆಗೆ ಪಾಠ, ತರಗತಿಗೆ 400 ರೂಪಾಯಿ. ಇನ್ನೊಂದು, ಒಬ್ಬ ಎಲೆಕ್ಟ್ರಿಕಲ್ ಕಂಟ್ರಾಕ್ಟರ್‌ಗೆ ಪ್ಯಾನೆಲ್ ಡ್ರಾಯಿಂಗ್, ಒಂದಕ್ಕೆ 6,000. ದುಡ್ಡು ನೋಡಿದರೆ ಎರಡನೆಯದೇ ಸಿಹಿ. ಇವನ್ನು ನಾಲ್ಕು ಪ್ರಶ್ನೆಗಳಿಂದ ಜರಡಿ ಹಿಡಿಯಬೇಕು.

ಹಿತಾಸಕ್ತಿಯ ಪ್ರಶ್ನೆ ಮೊದಲು. ಪಾಠಕ್ಕೂ ಕಾರ್ಖಾನೆಯ ವ್ಯಾಪಾರಕ್ಕೂ ಸಂಬಂಧವಿಲ್ಲ. ಕಂಟ್ರಾಕ್ಟರ್ ಮಾತ್ರ ಅದೇ ಕಾರ್ಖಾನೆಯಲ್ಲಿ ಶಟ್‌ಡೌನ್ ಕೆಲಸ ಹಿಡಿಯುವವನು, ಅವನ ಬಿಲ್ಲಿನ ಅಳತೆಗೆ ಸಹಿ ಹಾಕುವವರು ಇದೇ ಎಂಜಿನಿಯರ್. ಬಿಲ್ ಪಾಸು ಮಾಡುವ ಕೈಗೆ ಬಿಲ್ ಕೊಟ್ಟವನಿಂದ ದುಡ್ಡು ಬಂದರೆ ಅದು ಹೊರಗಿನ ಕೆಲಸದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಲಂಚದ ಅನುಮಾನವಾಗುತ್ತದೆ. ಡ್ರಾಯಿಂಗ್ ನಿಜವಾಗಿ ಮಾಡಿಕೊಟ್ಟಿದ್ದರೂ ಅನುಮಾನ ಕರಗದು.

ಎರಡನೆಯದು ಹೊತ್ತು. ಮಧ್ಯಾಹ್ನದ ಪಾಳಿಯ ವಾರ ಮಂಗಳವಾರ, ಗುರುವಾರ ಪಾಠಕ್ಕೆ ಹೋಗುವುದು ಸಾಧ್ಯವೇ ಇಲ್ಲ. ಅಂದರೆ ಮೂರು ವಾರಕ್ಕೊಮ್ಮೆ ಎರಡು ತರಗತಿ ತಪ್ಪುತ್ತವೆ. ಆಮೇಲೆ ಪಾಳಿ ಅದಲು-ಬದಲು ಶುರುವಾಗುತ್ತದೆ, ಸಹೋದ್ಯೋಗಿಗಳು ಗೊಣಗುತ್ತಾರೆ, ದೂರು ಹುಟ್ಟುವುದು ಅಲ್ಲಿಂದಲೇ. ರಾತ್ರಿ ಪಾಳಿಯ ವಾರದಲ್ಲಿ 8ಕ್ಕೆ ಪಾಠ ಮುಗಿಸಿ 10ಕ್ಕೆ ಗೇಟಿನಲ್ಲಿರುವುದು ಸಾಧ್ಯ, ಆದರೆ ನಿದ್ದೆಗೆಟ್ಟ ಮನುಷ್ಯ ಹೈ ಟೆನ್ಷನ್ ಫೀಡರ್ ಐಸೋಲೇಟ್ ಮಾಡುವುದು ಯಾವ ಮ್ಯಾನೇಜರಿಗೂ ಸಮ್ಮತವಲ್ಲ. ಸೆಂಟರಿನವರ ಜೊತೆ ಮಾತಾಡಿ, ಬೆಳಿಗ್ಗೆ ಪಾಳಿಯ ವಾರ ಮತ್ತು ವಾರದ ರಜೆ ದಿನಕ್ಕೆ ಮಾತ್ರ ಪಾಠ ಹೊಂದಿಸಿದರೆ ಈ ಆಕ್ಷೇಪಣೆ ಬಿದ್ದುಹೋಗುತ್ತದೆ. ಒಪ್ಪಿಗೆ ಕೇಳುವ ಮೊದಲೇ ಇದನ್ನು ಮಾಡಿಕೊಳ್ಳಿ.

ಮೂರನೆಯದು ಸಾಮಗ್ರಿ ಮತ್ತು ಹಕ್ಕು. ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ, ಕಂಪನಿಯ ಆಟೋಕ್ಯಾಡ್ ಲೈಸೆನ್ಸ್‌ನಲ್ಲಿ ಡ್ರಾಯಿಂಗ್ ಮಾಡಿದರೆ ಫೈಲಿನೊಳಗೆ ಅದರ ಗುರುತು ಉಳಿಯಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಉದ್ಯೋಗದ ಭಾಗವಾಗಿ ಮಾಡಿದ ಕೃತಿಯ ಮೊದಲ ಮಾಲೀಕ, ಬೇರೆ ಕರಾರು ಇಲ್ಲದಿದ್ದರೆ, ಉದ್ಯೋಗದಾತ. ಕೆಲಸದಲ್ಲೂ ಪ್ಯಾನೆಲ್ ಡ್ರಾಯಿಂಗ್, ಹೊರಗೂ ಪ್ಯಾನೆಲ್ ಡ್ರಾಯಿಂಗ್ ಎಂದಾದರೆ ಗೆರೆ ಎಳೆಯುವುದು ಕಷ್ಟ. ಪಾಠದ ಟಿಪ್ಪಣಿಯನ್ನು ಸ್ವಂತ ಲ್ಯಾಪ್‌ಟಾಪ್‌ನಲ್ಲಿ, ಪಠ್ಯಕ್ರಮದಿಂದ ತಯಾರಿಸಿದರೆ ಈ ತಕರಾರಿಲ್ಲ. ಆದರೆ ಉದಾಹರಣೆಗೆಂದು ಕಾರ್ಖಾನೆಯ ಸಬ್‌ಸ್ಟೇಷನ್ನಿನ ಸಿಂಗಲ್ ಲೈನ್ ಡ್ರಾಯಿಂಗ್ ತೋರಿಸಿದ ದಿನ ಗೌಪ್ಯತೆ ಮುರಿಯಿತು.

ನಾಲ್ಕನೆಯದು ಹೆಸರು: ಕಂಪನಿಯ ಹೆಸರು, ಲೋಗೋ, ಇಮೇಲ್ ಬಳಕೆಯಾಗುತ್ತದೆಯೇ? ಆಗಬಾರದು.

ತೀರ್ಪು: ಪಾಠಕ್ಕೆ ಒಪ್ಪಿಗೆ ಕೇಳಬಹುದು. ಡ್ರಾಯಿಂಗಿಗೆ ಕೇಳುವುದೇ ಬೇಡ. ಒಂದು ವೇಳೆ ಕಂಟ್ರಾಕ್ಟರ್ ಈ ಕಾರ್ಖಾನೆಯಲ್ಲಿ ಯಾವ ಕೆಲಸವೂ ಇಲ್ಲದ, ಬಳ್ಳಾರಿಯ ಅಪಾರ್ಟ್‌ಮೆಂಟ್‌ಗಳಿಗೆ ವೈರಿಂಗ್ ಮಾಡುವವನಾಗಿದ್ದರೆ ಡ್ರಾಯಿಂಗ್ ಕೂಡ ಅರ್ಜಿಗೆ ಯೋಗ್ಯವಾಗುತ್ತಿತ್ತು. ಕೆಲಸ ಅದೇ, ಗಿರಾಕಿ ಬೇರೆ, ಉತ್ತರ ಬೇರೆ.

## ಹಂತ 6: ಲಿಖಿತ ಒಪ್ಪಿಗೆ ಕೇಳಿ

ಒಪ್ಪಿಗೆ ಕೊಡುವ ಅಧಿಕಾರ ಯಾರಿಗಿದೆ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಬಹಳ ಕಡೆ ಅದು ಎಚ್.ಆರ್. ಮುಖ್ಯಸ್ಥರದು, ಪಾಳಿ ಉಸ್ತುವಾರಿಯದಲ್ಲ. ಅರ್ಜಿ ಕಂಪನಿ ಇಮೇಲ್‌ನಲ್ಲಿ ಅವರಿಗೆ, ಪ್ರತಿ ನಿಮ್ಮ ಮ್ಯಾನೇಜರಿಗೆ. ಉದ್ದ ಬೇಡ:

"ನೇಮಕಾತಿ ಪತ್ರದ ಇಂಥ ಕ್ರಮಸಂಖ್ಯೆಯ ಷರತ್ತಿನಡಿ ಒಪ್ಪಿಗೆ ಕೋರುತ್ತಿದ್ದೇನೆ. ಕೊಪ್ಪಳದ ಇಂಥ ಸೆಂಟರಿನಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ವಾರಕ್ಕೆ ಗರಿಷ್ಠ ಮೂರು ಗಂಟೆ ಪಾಠ ಮಾಡುವ ಉದ್ದೇಶವಿದೆ. ಬೆಳಿಗ್ಗೆ ಪಾಳಿಯ ವಾರಗಳಲ್ಲಿ ಸಂಜೆ ಮತ್ತು ವಾರದ ರಜೆ ದಿನ ಮಾತ್ರ. ಇದಕ್ಕಾಗಿ ಪಾಳಿ ಬದಲಾವಣೆ ಕೇಳುವುದಿಲ್ಲ; ತುರ್ತು ಕರೆ ಬಂದರೆ ಡ್ಯೂಟಿಗೇ ಮೊದಲ ಆದ್ಯತೆ. ತರಗತಿಗೆ 400 ರೂಪಾಯಿ ಸಂಭಾವನೆ ಇದೆ. ಕಂಪನಿಯ ಉಪಕರಣ, ಮಾಹಿತಿ, ಹೆಸರು ಬಳಸುವುದಿಲ್ಲ. ಸೆಂಟರಿಗೂ ಕಂಪನಿಗೂ ವ್ಯವಹಾರ ಸಂಬಂಧ ಇಲ್ಲ."

ಸಂಭಾವನೆಯ ಸಾಲನ್ನು ಬಿಡಬೇಡಿ. "ಸಮಾಜಸೇವೆ" ಎಂದು ಬರೆದು ಆಮೇಲೆ ದುಡ್ಡು ಪಡೆದದ್ದು ಗೊತ್ತಾದರೆ, ಪಾಠ ಹೇಳಿದ್ದು ಪಕ್ಕಕ್ಕೆ ಹೋಗಿ ಸುಳ್ಳು ಹೇಳಿದ್ದೇ ಆರೋಪವಾಗುತ್ತದೆ.

ಉತ್ತರ ಬಾರದಿದ್ದರೆ ಅದು ಒಪ್ಪಿಗೆ ಅಲ್ಲ. ಹತ್ತು ದಿನ ಬಿಟ್ಟು ನೆನಪೋಲೆ ಕಳಿಸಿ. "ಇಷ್ಟು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ಭಾವಿಸುತ್ತೇನೆ" ಎಂದು ನೀವೇ ಬರೆದುಕೊಂಡರೆ ಅದಕ್ಕೆ ಬೆಲೆ ಇಲ್ಲ. ಬಾಯಿಮಾತಿನಲ್ಲಿ ಹೂಂ ಎಂದರೆ ಅಂದೇ ಒಂದು ಇಮೇಲ್ ಹಾಕಿ: "ಇಂದು ಮಾತಾಡಿದಂತೆ ಒಪ್ಪಿಗೆ ಇದೆ ಎಂದು ತಿಳಿದಿದ್ದೇನೆ, ದಯವಿಟ್ಟು ಖಚಿತಪಡಿಸಿ." ಅದಕ್ಕೆ ಬರುವ ಒಂದು ಸಾಲಿನ ಉತ್ತರವೇ ನಿಮ್ಮ ಕಾಗದ. ಖಚಿತಪಡಿಸಲು ಹಿಂಜರಿದರೆ ಅದನ್ನೇ ಎಚ್ಚರಿಕೆ ಎಂದು ತಿಳಿಯಿರಿ.

## ಹಂತ 7: ಒಪ್ಪಿಗೆ ಸಿಕ್ಕ ಮೇಲೆ

ಒಪ್ಪಿಗೆಯ ಪ್ರತಿಯನ್ನು ಸ್ವಂತ ಇಮೇಲ್‌ನಲ್ಲೋ ಕಾಗದದಲ್ಲೋ ಇಟ್ಟುಕೊಳ್ಳಿ. ಕಂಪನಿ ಇಮೇಲ್ ಕೆಲಸ ಬಿಟ್ಟ ದಿನವೇ ಮುಚ್ಚಿಹೋಗುತ್ತದೆ. ಒಪ್ಪಿಗೆ ಇರುವುದು ಬರೆದ ಕೆಲಸಕ್ಕೆ ಮಾತ್ರ. ಅದೇ ಸೆಂಟರ್ ಯೂಟ್ಯೂಬ್‌ಗೆ ವಿಡಿಯೊ ಮಾಡೋಣ ಎಂದರೆ ಹೊಸ ಅರ್ಜಿ. ನಿಮಗೆ ಬೇರೆ ವಿಭಾಗಕ್ಕೆ ಬಡ್ತಿ ಬಂದರೂ ಹೊಸ ಅರ್ಜಿ.

ಸೆಂಟರಿನವರು ನಿಮ್ಮನ್ನು ಸಂಬಳದ ಪಟ್ಟಿಗೆ ಸೇರಿಸಿ ಪಿ.ಎಫ್. ಕಟ್ಟಲು ಹೊರಟರೆ ತಡೆಯಿರಿ. ಯು.ಎ.ಎನ್. ಒಬ್ಬರಿಗೆ ಒಂದೇ, ಅದರ ಸೇವಾ ವಿವರದಲ್ಲಿ ಎರಡು ಉದ್ಯೋಗದ ದಿನಾಂಕ ಒಂದರ ಮೇಲೊಂದು ಬೀಳುತ್ತವೆ, ಮುಂದಿನ ಕಂಪನಿಯ ತಪಾಸಣೆಯಲ್ಲಿ ಕೇಳುವ ಮೊದಲ ಪ್ರಶ್ನೆ ಅದೇ ಆಗುತ್ತದೆ. ತರಗತಿ ಲೆಕ್ಕದ ಸಂಭಾವನೆಯಾಗಿಯೇ, ಬ್ಯಾಂಕ್ ಮೂಲಕ ಪಡೆಯಿರಿ. ಆದಾಯ ತೆರಿಗೆ ವಿವರದಲ್ಲಿ ಇದನ್ನು ಬಿಡುವಂತಿಲ್ಲ. ವೃತ್ತಿ ಆದಾಯ ಇದ್ದರೆ ಸಂಬಳದಾರರ ಸರಳ ಫಾರಂ ITR-1 ಹೊಂದುವುದಿಲ್ಲ.

## ಈಗಾಗಲೇ ಶುರು ಮಾಡಿದ್ದರೆ

ಮೊದಲು ನಿಲ್ಲಿಸಿ, ನಂತರ ಓದಿ, ನಂತರ ಅರ್ಜಿ. ಹಳೆಯ ದಿನಾಂಕ ಹಾಕಿದ ಒಪ್ಪಿಗೆ ಪತ್ರ ಬೇಡ, ಪರಿಚಯದ ಎಚ್.ಆರ್. ಕೊಡುತ್ತೇನೆ ಎಂದರೂ ಬೇಡ, ಸಿಕ್ಕಿಬಿದ್ದರೆ ಇಬ್ಬರ ಕೆಲಸಕ್ಕೂ ಕುತ್ತು. ಅರ್ಜಿಯಲ್ಲಿ ಹಿಂದೆ ಪಾಠ ಮಾಡಿದ ತಿಂಗಳುಗಳನ್ನು ಒಂದು ಸಾಲಿನಲ್ಲಿ ಹೇಳಿ. ನೋಟಿಸ್ ಈಗಾಗಲೇ ಬಂದಿದ್ದರೆ ಮಾತ್ರ ಕ್ರಮ ಬೇರೆ. ಉತ್ತರಕ್ಕೆ ಕೊಟ್ಟ ದಿನಗಳನ್ನು ಎಣಿಸಿಕೊಳ್ಳಿ, ಷರತ್ತಿನ ಪ್ರತಿಯೊಂದಿಗೆ ಕಾರ್ಮಿಕ ಕಾನೂನು ನೋಡುವ ವಕೀಲರ ಬಳಿ ಹೋಗಿ. ಅಲ್ಲಿಯವರೆಗೆ "ಇನ್ನು ಮುಂದೆ ಮಾಡುವುದಿಲ್ಲ, ಕ್ಷಮಿಸಿ" ಎಂದು ಬರೆದು ಸಹಿ ಹಾಕಬೇಡಿ. ವಿಚಾರಣೆಯಲ್ಲಿ ಅದನ್ನು ತಪ್ಪೊಪ್ಪಿಗೆ ಎಂದೇ ಓದುತ್ತಾರೆ.